ವಾಪಸಾತಿ, ಬದಲಾವಣೆಯ ನಿಯಮ ಬರೆಯುವುದು ಹೇಗೆ: ಕೊಡಗಿನ ಸಣ್ಣ ಬೊಟಿಕ್‌ಗಳಿಗೆ ಹಂತ ಹಂತದ ಮಾರ್ಗದರ್ಶಿ

ಬಹಳಷ್ಟು ಬೊಟಿಕ್‌ಗಳ ಬಿಲ್ಲಿನ ಕೆಳಗೆ ಒಂದೇ ಸಾಲು ಇರುತ್ತದೆ: ‘ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ, ಬದಲಾಯಿಸುವುದಿಲ್ಲ.’ ಇನ್ನು ಕೆಲವರು ದೊಡ್ಡ ಆನ್‌ಲೈನ್ ಅಂಗಡಿಯ ಎರಡು ಪುಟದ ನಿಯಮವನ್ನು ಹಾಗೇ ನಕಲು ಮಾಡಿ ಗೋಡೆಗೆ ಅಂಟಿಸಿರುತ್ತಾರೆ. ಜಗಳ ಬಂದಾಗ ಎರಡೂ ಕೈಕೊಡುತ್ತವೆ. ಮೊದಲನೆಯದು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಎರಡನೆಯದರಲ್ಲಿ ಫಾಲ್ ಹೊಲಿದ ಸೀರೆ, ಅಳತೆಗೆ ಹೊಲಿದ ಬ್ಲೌಸ್, ಮಳೆಗಾಲದ ಬೂಷ್ಟು ಇವುಗಳ ಸುದ್ದಿಯೇ ಇರುವುದಿಲ್ಲ.

ಕೆಲಸ ಶುರು ಮಾಡುವ ಮುನ್ನ ಬೇಕಾದದ್ದು ಇಷ್ಟು: ಕಳೆದ ಮೂರು ತಿಂಗಳ ಬಿಲ್ ಪುಸ್ತಕ, ಅಳತೆ ಚೀಟಿಗಳು, ಸಗಟು ವ್ಯಾಪಾರಿಗಳು ನಿಮಗೆ ಕೊಟ್ಟ ಬಿಲ್ಲುಗಳು, ಒಂದು ಖಾಲಿ ನೋಟ್‌ಬುಕ್.

## 1. ‘ಯಾಕೆ ವಾಪಸ್?’ ಎಂಬುದನ್ನು ಮೂರು ಮಾಡಿ

ನಿಯಮ ಬರೆಯುವವರು ಸಾಮಾನ್ಯವಾಗಿ ‘ಎಷ್ಟು ದಿನ?’ ಎಂಬಲ್ಲಿಂದ ಹೊರಡುತ್ತಾರೆ. ಎಡವುವುದು ಅಲ್ಲೇ. ಮೊದಲು ತೀರ್ಮಾನವಾಗಬೇಕಾದದ್ದು ಬಟ್ಟೆ ವಾಪಸ್ ಬರುವ ಕಾರಣ. ಮೂರು ತಿಂಗಳಲ್ಲಿ ವಾಪಸ್ ಬಂದ ಒಂದೊಂದು ಬಟ್ಟೆಯನ್ನೂ ನೋಟ್‌ಬುಕ್ಕಿನಲ್ಲಿ ಈ ಮೂರರ ಯಾವುದಾದರೂ ಒಂದರ ಕೆಳಗೆ ಬರೆಯಿರಿ: ಅಂಗಡಿಯ ತಪ್ಪು, ಅಳತೆ ಹೊಂದಲಿಲ್ಲ, ಮನಸ್ಸು ಬದಲಾಯಿತು.

ಅಂಗಡಿಯ ತಪ್ಪು ಎಂದರೆ ನೇಯ್ಗೆ ಹರಿದಿರುವುದು, ಜರಿ ಎಳೆ ತುಂಡಾಗಿರುವುದು, ಬಣ್ಣ ಬಿಡುವುದು, ಹೇಳಿದ್ದೊಂದು ಕೊಟ್ಟದ್ದೊಂದು ಆಗಿರುವುದು. ಇಲ್ಲಿ ನಿಮಗೆ ಆಯ್ಕೆ ಇಲ್ಲ. ದೋಷವಿರುವ ಮಾಲನ್ನು ವಾಪಸ್ ತೆಗೆದುಕೊಂಡು ಹಣ ಕೊಡಲು ಒಪ್ಪದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆಯುತ್ತದೆ. ಬಿಲ್ಲಿನಲ್ಲಿ ಅವಧಿ ನಮೂದಿಸಿದ್ದರೆ ಆ ಅವಧಿ, ಏನೂ ಬರೆಯದಿದ್ದರೆ 30 ದಿನ. ಅಂದರೆ ಬಿಲ್ಲಿನಲ್ಲಿ ಏನನ್ನೂ ಬರೆಯದೆ ಬಿಟ್ಟವರು ತಮಗೆ ಗೊತ್ತಿಲ್ಲದೆಯೇ ಒಂದು ತಿಂಗಳ ಹೊಣೆ ಹೊತ್ತಿರುತ್ತಾರೆ. ಬಿಲ್ಲನ್ನೇ ಕೊಡದಿರುವುದೂ ಇದೇ ಕಾಯ್ದೆಯಲ್ಲಿ ತಪ್ಪು.

ಉಳಿದೆರಡು ಕಾರಣಗಳಲ್ಲಿ ಎಷ್ಟು ಉದಾರವಾಗಿರಬೇಕೆಂಬುದು ನಿಮಗೆ ಬಿಟ್ಟದ್ದು. ಸಣ್ಣ ಬೊಟಿಕ್‌ಗೆ ಸರಿಹೊಂದುವುದು ಹೀಗೆ: ಅಳತೆ ಹೊಂದದಿದ್ದರೆ ಬದಲಾವಣೆ, ಮನಸ್ಸು ಬದಲಾದರೆ ಬದಲಾವಣೆ ಅಥವಾ ಕ್ರೆಡಿಟ್ ಚೀಟಿ, ನಗದು ಇಲ್ಲ. ‘ದೋಷವಿದ್ದರೂ ಕ್ರೆಡಿಟ್ ಚೀಟಿ ಮಾತ್ರ’ ಎಂದು ಬರೆಯುವುದು ಹೆಚ್ಚಿನವರು ಮಾಡುವ ತಪ್ಪು. ದೋಷವಿದ್ದಾಗ ಹಣ ಕೇಳುವ ಹಕ್ಕು ಗ್ರಾಹಕರಿಗಿದೆ. ನಿಮ್ಮ ಬಿಲ್ಲಿನ ಒಂದು ಸಾಲು ಅದನ್ನು ಕಿತ್ತುಕೊಳ್ಳಲಾರದು. ಮಡಿಕೇರಿಯ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗದ ಮುಂದೆ ಅಂಥ ಸಾಲು ನಿಮ್ಮ ಪರವಾಗಿ ಅಲ್ಲ, ನಿಮ್ಮ ವಿರುದ್ಧವೇ ಸಾಕ್ಷಿಯಾಗುತ್ತದೆ.

## 2. ದಿನ ಎಷ್ಟು, ಎಂದಿನಿಂದ ಎಂದು ನಿಗದಿ ಮಾಡಿ

ಏಳು ದಿನ ಎಂಬುದು ಎಲ್ಲೆಡೆ ಕಾಣುವ ಲೆಕ್ಕ. ಕೊಡಗಿನಲ್ಲಿ ಅದು ಸ್ವಲ್ಪ ಇಕ್ಕಟ್ಟು. ತೋಟದ ಕಡೆಯಿಂದ ಬರುವವರು ಪೇಟೆಗೆ ಇಳಿಯುವುದು ವಾರದ ಸಂತೆಗೆ. ಈ ಸಂತೆಯಲ್ಲಿ ಕೊಂಡವರು ಮುಂದಿನ ಸಂತೆಗೆ ಬಂದರೆ ಸರಿಯಾಗಿ ಏಳನೆಯ ದಿನ. ಕೊಂಡ ದಿನವನ್ನು ಸೇರಿಸಿ ಎಣಿಸಬೇಕೋ ಬಿಟ್ಟು ಎಣಿಸಬೇಕೋ ಎಂಬ ವಾದ ಅಲ್ಲೇ ಹುಟ್ಟುತ್ತದೆ. ಆಟಿ ತಿಂಗಳ ಮಳೆಗೆ ಮರ ಬಿದ್ದು ರಸ್ತೆ ಕಟ್ಟಾದರೆ ಆ ಸಂತೆಯೂ ತಪ್ಪುತ್ತದೆ. ಹಾಗಾಗಿ ಬದಲಾವಣೆಗೆ 10 ದಿನ, ದೋಷದ ದೂರಿಗೆ 30 ದಿನ ಇಡಿ. ದೋಷಕ್ಕೆ ಇದಕ್ಕಿಂತ ಕಡಿಮೆ ಬರೆಯಲು ಕಾನೂನಿನಲ್ಲಿ ದಾರಿ ಇದೆ, ನಿಜ. ಆದರೆ ಡಿಸೆಂಬರ್ ಮದುವೆಗೆಂದು ನವೆಂಬರಿನಲ್ಲೇ ಕೊಂಡ ರೇಷ್ಮೆ ಸೀರೆಯನ್ನು ಯಾರೂ ಮೂರು ದಿನದೊಳಗೆ ಬಿಚ್ಚಿ ನೋಡುವುದಿಲ್ಲ. ತೀರಾ ಕಡಿಮೆ ಅವಧಿ ಕೊಟ್ಟರೆ ಅದೇ ಅನ್ಯಾಯವೆಂದು ಕಾಣುತ್ತದೆ.

ಎಷ್ಟು ದಿನ ಎಂದು ಬರೆಯುವುದರ ಜೊತೆಗೆ ತಾರೀಖನ್ನೂ ಬರೆಯಿರಿ. ‘ಬದಲಾವಣೆಗೆ ಕೊನೆಯ ದಿನ: ____’ ಎಂಬ ಖಾಲಿ ಜಾಗ ಬಿಲ್ಲಿನಲ್ಲಿರಲಿ. ಬಿಲ್ ಬರೆಯುವವರು ಅದನ್ನು ತುಂಬಿ ಬಾಯಲ್ಲೂ ಹೇಳಲಿ. ಅರ್ಧ ಜಗಳ ಇದರಿಂದಲೇ ನಿಲ್ಲುತ್ತದೆ.

ವಾರಾಂತ್ಯಕ್ಕೆ ಬಂದು ಕೊಂಡು ಹೋಗುವ ಪ್ರವಾಸಿಗರಿಗೆ ಒಂದು ಸಾಲು ಬೇರೆ ಬೇಕು. ಬೆಂಗಳೂರಿಗೆ ಮರಳಿದ ಮೇಲೆ ಅವರು ಮತ್ತೆ ಘಟ್ಟ ಹತ್ತಿ ಬರುವುದಿಲ್ಲ. ಕೊರಿಯರ್ ಅಥವಾ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಬಹುದು, ಬುಕ್ ಮಾಡಿದ ದಿನವೇ ಲೆಕ್ಕಕ್ಕೆ, ತಲುಪಿದ ದಿನವಲ್ಲ ಎಂದು ಬರೆಯಿರಿ. ದೋಷವಿದ್ದರೆ ಎರಡೂ ಕಡೆಯ ಸಾಗಣೆ ಖರ್ಚು ಅಂಗಡಿಯದು. ಅಳತೆಗೋ ಬಣ್ಣಕ್ಕೋ ಬದಲಾಯಿಸುವುದಾದರೆ ಗ್ರಾಹಕರದು. ವಾಟ್ಸಾಪ್, ಇನ್‌ಸ್ಟಾಗ್ರಾಂನಲ್ಲಿ ಫೋಟೋ ಹಾಕಿ ಮಾರುವವರು ಇನ್ನಷ್ಟು ಎಚ್ಚರದಿಂದಿರಬೇಕು. ಆನ್‌ಲೈನ್ ಮಾರಾಟಕ್ಕೆಂದೇ ಇರುವ 2020ರ ನಿಯಮಗಳ ಪ್ರಕಾರ ಮಾಲು ತೋರಿಸಿದ ಹಾಗೆ ಇಲ್ಲದಿದ್ದರೆ, ಹೇಳಿದ ದಿನಕ್ಕಿಂತ ತಡವಾಗಿ ತಲುಪಿದರೆ ಮಾರಾಟಗಾರ ವಾಪಸ್ ತೆಗೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ. ಭೂಕುಸಿತದಂಥ ಕೈಮೀರಿದ ಕಾರಣದಿಂದ ತಡವಾದರೆ ಮಾತ್ರ ವಿನಾಯಿತಿ. ಆದ್ದರಿಂದ ಮಳೆಗಾಲದಲ್ಲಿ ‘ನಾಲ್ಕು ದಿನದಲ್ಲಿ ತಲುಪುತ್ತದೆ’ ಎಂದು ಮಾತು ಕೊಡಬೇಡಿ.

## 3. ‘ಬಳಸಿಲ್ಲ’ ಎಂದರೆ ಏನು, ಕಣ್ಣಿಗೆ ಕಾಣುವಂತೆ ಬರೆಯಿರಿ

‘ಬಳಸದ ಬಟ್ಟೆ ಮಾತ್ರ’ ಎಂದಷ್ಟೇ ಬರೆದರೆ ಸಾಲದು. ಎರಡು ಗಂಟೆ ಉಟ್ಟು ಮಡಚಿಟ್ಟದ್ದನ್ನೂ ‘ಬಳಸಿಯೇ ಇಲ್ಲ’ ಎನ್ನುವವರಿದ್ದಾರೆ. ಪರೀಕ್ಷಿಸಬಹುದಾದ ಗುರುತುಗಳನ್ನೇ ಬರೆಯಬೇಕು: ಟ್ಯಾಗ್ ಕಿತ್ತಿರಬಾರದು, ಒಗೆದಿರಬಾರದು, ಇಸ್ತ್ರಿ ಮಾಡಿರಬಾರದು, ಪಿನ್ ಚುಚ್ಚಿರಬಾರದು, ಕಲೆ ಅಥವಾ ಸೆಂಟಿನ ವಾಸನೆ ಇರಬಾರದು, ಫಾಲ್ ಹೊಲಿದಿರಬಾರದು.

ಟ್ಯಾಗ್ ಎಲ್ಲಿ ಕಟ್ಟುತ್ತೀರಿ ಎಂಬುದೂ ಮುಖ್ಯ. ಒಳಗಡೆ ಕಟ್ಟಿದ ಟ್ಯಾಗನ್ನು ಸಿಕ್ಕಿಸಿಕೊಂಡೇ ಉಡಬಹುದು. ಸೀರೆಯಲ್ಲಾದರೆ ಸೆರಗಿನ ಕುಚ್ಚಿಗೆ ದಾರದಿಂದ ಕಟ್ಟಿ, ಉಟ್ಟರೆ ಎದ್ದು ಕಾಣುವಂತಿರಲಿ. ಕುರ್ತಾಕ್ಕೆ ಎದೆಯ ಮೇಲಿನ ಗುಂಡಿಯ ಕಾಜದಲ್ಲಿ ಕಟ್ಟಿ. ರೇಷ್ಮೆಗೆ ಪಿನ್ನಿನಿಂದ ಟ್ಯಾಗ್ ಸಿಕ್ಕಿಸಬೇಡಿ. ಆಮೇಲೆ ಆ ತೂತು ನಿಮ್ಮದೋ ಅವರದೋ ಹೇಳಲಾಗದು.

ವಾಪಸ್ ಬಂದ ಸೀರೆಯನ್ನು ಗ್ರಾಹಕರ ಎದುರಿಗೇ, ಕಿಟಕಿಯ ಬೆಳಕಿನಲ್ಲಿ ನೋಡಿ. ಕೊಡವ ಶೈಲಿಯಲ್ಲಿ ಉಟ್ಟಿದ್ದರೆ ಸೆರಗು ಬಲ ಭುಜದ ಮೇಲೆ ಕೂರುವ ಜಾಗದಲ್ಲಿ ಪಿನ್ನಿನ ತೂತು ಸಿಗುತ್ತದೆ. ಆ ಭಾಗವನ್ನು ಬೆಳಕಿಗೆ ಅಡ್ಡ ಹಿಡಿಯಿರಿ. ನೆರಿಗೆ ಹಿಂದಕ್ಕೆ ಹೋಗುವುದರಿಂದ ಸೊಂಟಕ್ಕೆ ಸಿಕ್ಕಿಸಿದ ಮೇಲಂಚಿನಲ್ಲಿ ಒತ್ತಾದ ಸಣ್ಣ ಮಡಿಕೆಗಳು ಸಾಲಾಗಿ ಉಳಿದಿರುತ್ತವೆ. ಅಂಗಡಿಯ ಮಡಿಕೆ ಹಾಗಿರುವುದಿಲ್ಲ, ದೂರದೂರ ಅಗಲವಾಗಿರುತ್ತದೆ. ಕೆಳಗಿನ ಅಂಚಿಗೆ ಬಿಳಿ ಬಟ್ಟೆ ಒತ್ತಿದರೆ ಧೂಳು ಹತ್ತುತ್ತದೆ. ಈ ಮೂರರಲ್ಲಿ ಎರಡಾದರೂ ಕಂಡರೆ ಮಾತ್ರ ‘ಉಟ್ಟಿದ್ದು’ ಎಂದು ತೀರ್ಮಾನಿಸಿ. ಒಂದೇ ಗುರುತಿನ ಮೇಲೆ ಗ್ರಾಹಕರನ್ನು ಸುಳ್ಳುಗಾರರನ್ನಾಗಿ ಮಾಡಬೇಡಿ. ಅದೇ ಸೀರೆಯನ್ನು ಅಂಗಡಿಯಲ್ಲಿ ಹತ್ತು ಜನರಿಗೆ ಮೈಮೇಲೆ ಹಾಕಿ ತೋರಿಸಿರುತ್ತೀರಿ.

### ಮಳೆಗಾಲದ ಎರಡು ತಕರಾರು

ಬೂಷ್ಟು ಮತ್ತು ಬಣ್ಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾಪಸ್ ಬರುವ ಬಟ್ಟೆಗಳಲ್ಲಿ ಜಗಳಕ್ಕೆ ತಿರುಗುವುದು ಹೆಚ್ಚಾಗಿ ಇವೇ.

ಬೂಷ್ಟಿನ ಚುಕ್ಕೆ ಮಡಿಕೆಯ ಒಳಗೆ ಕಂಡರೆ ಮೊದಲು ಅದೇ ಕಟ್ಟಿನಲ್ಲಿ ಬಂದ, ಇನ್ನೂ ನಿಮ್ಮ ಕಪಾಟಿನಲ್ಲೇ ಇರುವ ಬಟ್ಟೆಗಳನ್ನು ಬಿಚ್ಚಿ ಮೂಸಿ ನೋಡಿ. ಅಲ್ಲೂ ಮುಗ್ಗಲು ವಾಸನೆ ಇದ್ದರೆ ತಪ್ಪು ನಿಮ್ಮದೇ. ಪ್ಲಾಸ್ಟಿಕ್ ಕವರಿನಲ್ಲಿ ತೇವ ಸಿಕ್ಕಿಕೊಂಡು ಅಂಗಡಿಯಲ್ಲೇ ಹಿಡಿದಿರುತ್ತದೆ. ಮಳೆಗಾಲದಲ್ಲಿ ರೇಷ್ಮೆ, ಹತ್ತಿಯನ್ನು ಪ್ಲಾಸ್ಟಿಕ್‌ನಿಂದ ತೆಗೆದು ತೆಳು ಹತ್ತಿಬಟ್ಟೆಯಲ್ಲಿ ಸುತ್ತಿಡುವುದು ವಾಪಸಾತಿ ನಿಯಮದಷ್ಟೇ ಹಣ ಉಳಿಸುತ್ತದೆ. ನಿಯಮದಲ್ಲಿ ಹೀಗೆ ಬರೆಯಬಹುದು: ಕೊಂಡ 10 ದಿನದೊಳಗೆ ಕಂಡ ಬೂಷ್ಟು ಅಂಗಡಿಯ ಹೊಣೆ, ಅನಂತರದ್ದನ್ನು ಬಟ್ಟೆ ನೋಡಿ ತೀರ್ಮಾನಿಸಲಾಗುವುದು.

ಬಣ್ಣದ ಪರೀಕ್ಷೆ ಮಾರುವ ಮೊದಲೇ ಆಗಬೇಕು. ಹೊಸ ಮಾಲು ಬಂದ ದಿನ, ಒಂದೊಂದು ಬಣ್ಣದಲ್ಲೂ ಒಂದು ಬಟ್ಟೆ ತೆಗೆದು ಒಳಹೊಲಿಗೆಯ ಅಂಚಿಗೆ ಒದ್ದೆ ಮಾಡಿದ ಬಿಳಿ ಹತ್ತಿಬಟ್ಟೆಯನ್ನು ಹತ್ತು ಸಲ ಉಜ್ಜಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಆ ಇಡೀ ಕಟ್ಟಿನ ಟ್ಯಾಗ್ ಮೇಲೆ ‘ಡ್ರೈ ಕ್ಲೀನ್ ಮಾತ್ರ’ ಎಂದು ಬರೆದು ಬಿಲ್ಲಿನಲ್ಲೂ ನಮೂದಿಸಿ. ಹೀಗೆ ಹೇಳಿ ಮಾರಿದ ಬಟ್ಟೆಯನ್ನು ಗ್ರಾಹಕರು ಬಕೆಟ್‌ನಲ್ಲಿ ನೆನೆಸಿದರೆ ಹೊಣೆ ಅವರದು. ಹೇಳದೆ ಮಾರಿದ್ದರೆ ನಿಮ್ಮದು.

## 4. ಹೊಲಿಗೆಗೆ ಬೇರೆಯೇ ನಿಯಮ

ರೆಡಿಮೇಡ್ ಮಾಲಿನ ನಿಯಮವನ್ನು ಹೊಲಿಗೆಗೂ ಎಳೆದರೆ ಇಬ್ಬರಿಗೂ ನಷ್ಟ. ಅಳತೆಗೆ ಹೊಲಿದ ಬ್ಲೌಸನ್ನೋ ಕುಪ್ಯವನ್ನೋ ಇನ್ನೊಬ್ಬರಿಗೆ ಮಾರಲಾಗದು. ಹಾಗೆಂದು ‘ಹೊಲಿದದ್ದಕ್ಕೆ ಯಾವ ಹೊಣೆಯೂ ಇಲ್ಲ’ ಎನ್ನಲೂ ಆಗದು.

ಇಲ್ಲಿ ಗಡಿ ಕತ್ತರಿ. ಬಟ್ಟೆಗೆ ಕತ್ತರಿ ಹಾಕುವ ಮುನ್ನ ಆರ್ಡರ್ ರದ್ದಾದರೆ ಮುಂಗಡ ಪೂರ್ತಿ ವಾಪಸ್. ಹಾಕಿದ ಮೇಲೆ ಆದ ಕೆಲಸದಷ್ಟು ಮುರಿದುಕೊಂಡು ಉಳಿದದ್ದು ವಾಪಸ್. ಕತ್ತರಿ ಹಾಕುವ ದಿನವನ್ನು ಚೀಟಿಯಲ್ಲೇ ಬರೆದುಬಿಡಿ, ಗ್ರಾಹಕರಿಗೂ ಅದು ಗೊತ್ತಿರಲಿ.

ಅಳತೆ ಚೀಟಿ ಎರಡು ಪ್ರತಿ ಇರಲಿ, ಕಾರ್ಬನ್ ಇಟ್ಟು ಬರೆದರೂ ಸಾಕು. ಒಂದಕ್ಕೆ ಗ್ರಾಹಕರ ಸಹಿ. ಹೊಲಿದದ್ದು ಚೀಟಿಯ ಅಳತೆಗಿಂತ ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸವಾದರೆ ಉಚಿತವಾಗಿ ಸರಿಪಡಿಸುವುದು; ಸರಿಪಡಿಸಲಾಗದಿದ್ದರೆ ಹೊಲಿಗೆ ಕೂಲಿಯ ಜೊತೆಗೆ ಬಟ್ಟೆಯ ಬೆಲೆಯನ್ನೂ ಕೊಡುವುದು. ಸರಿಪಡಿಸಲು ಸಾಧ್ಯವಾಗಬೇಕಾದರೆ ಪಕ್ಕದ ಹೊಲಿಗೆಗಳಲ್ಲಿ ಮುಕ್ಕಾಲರಿಂದ ಒಂದು ಇಂಚು ಬಟ್ಟೆ ಬಿಟ್ಟಿರಬೇಕು, ಟೈಲರ್‌ಗೆ ಇದನ್ನು ಖಡಾಖಂಡಿತವಾಗಿ ಹೇಳಿ. ಅಳತೆ ಚೀಟಿಯಂತೆಯೇ ಇದ್ದು ಮೈ ಬದಲಾಗಿದ್ದರೆ ಆಲ್ಟರೇಷನ್‌ಗೆ ಕೂಲಿ ಇದೆ. ಟ್ರಯಲ್‌ಗೆ ಬರುವ ತಾರೀಖು ಸಮಾರಂಭಕ್ಕಿಂತ ಕನಿಷ್ಠ ಐದು ದಿನ ಮುಂಚೆ ಇರಲಿ. ಆ ದಿನ ಬಾರದಿದ್ದರೆ ಕೊನೆ ಗಳಿಗೆಯ ತಿದ್ದುಪಡಿಗೆ ಅಂಗಡಿ ಮಾತು ಕೊಡುವುದಿಲ್ಲ ಎಂದೂ ಸೇರಿಸಿ.

ಗ್ರಾಹಕರೇ ಬಟ್ಟೆ ತಂದಾಗ ಅದರ ಬೆಲೆಯನ್ನು ಅವರನ್ನೇ ಕೇಳಿ ಚೀಟಿಯಲ್ಲಿ ಬರೆಯಿರಿ. ಅಜ್ಜಿಯ ಹಳೆಯ ಸೀರೆ ಕತ್ತರಿಸಿ ಬ್ಲೌಸ್ ಹೊಲಿಯಿರಿ ಎಂದರೆ ಅದಕ್ಕೆ ಬೆಲೆ ಕಟ್ಟುವವರಿಲ್ಲ. ಕೆಟ್ಟರೆ ಗರಿಷ್ಠ ಎಷ್ಟು ಕೊಡುವುದೆಂದು ಇಬ್ಬರೂ ಒಪ್ಪದಿದ್ದರೆ ಆ ಕೆಲಸವನ್ನು ಒಪ್ಪಿಕೊಳ್ಳದಿರುವುದೇ ಒಳ್ಳೆಯದು.

## 5. ಹಣದ ಲೆಕ್ಕ ಮೊದಲೇ ಬರೆದಿಡಿ

ವಾಪಸ್ ಕೊಡುವುದು ಗ್ರಾಹಕರು ಕೊಟ್ಟ ಮೊತ್ತವನ್ನು, ಟ್ಯಾಗ್ ಮೇಲಿನ ಬೆಲೆಯನ್ನಲ್ಲ. ರಿಯಾಯಿತಿ ಮಾರಾಟದಲ್ಲಿ ಇದು ಗೊಂದಲವಾಗುತ್ತದೆ. ತಲಾ 900 ರೂಪಾಯಿಯ ಕುರ್ತಾ, ಎರಡಕ್ಕೆ ಒಂದು ಉಚಿತ ಎಂದುಕೊಳ್ಳಿ. ಗ್ರಾಹಕರು ಕೊಟ್ಟದ್ದು 1,800. ಒಂದನ್ನು ವಾಪಸ್ ತಂದು 900 ಕೇಳುತ್ತಾರೆ. ನೀವು ‘ಅದು ಉಚಿತದ್ದು, ಏನೂ ಇಲ್ಲ’ ಎನ್ನುತ್ತೀರಿ. ಎರಡೂ ಸರಿಯಲ್ಲ. ಬಿಲ್ಲಿನಲ್ಲಿ ಮೂರಕ್ಕೂ ತಲಾ 600 ಎಂದು ಹಂಚಿ ಬರೆದಿದ್ದರೆ ಉತ್ತರ ಅಲ್ಲೇ ಇರುತ್ತದೆ.

ಹಣ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಲಿ. ಯುಪಿಐಯಲ್ಲಿ ಬಂದದ್ದು ಅದೇ ಖಾತೆಗೆ, ಕಾರ್ಡಿನಲ್ಲಿ ಬಂದದ್ದು ಕಾರ್ಡಿಗೆ. ಕಾರ್ಡಿನಲ್ಲಿ ಕೊಂಡು ನಗದು ಕೇಳುವುದು ಒಂದು ಎಚ್ಚರಿಕೆಯ ಗುರುತು. ಗ್ರಾಹಕರು ತೋರಿಸುವ ಸ್ಕ್ರೀನ್‌ಶಾಟ್ ನೋಡಿ ಹಣ ವಾಪಸ್ ಹಾಕಬೇಡಿ. ಮೂಲ ಹಣ ನಿಮ್ಮ ಖಾತೆಗೆ ಬಂದಿದೆಯೇ ಎಂದು ನಿಮ್ಮ ಪಾಸ್‌ಬುಕ್ ಅಥವಾ ಆ್ಯಪ್‌ನಲ್ಲೇ ನೋಡಿ.

ಜಿಎಸ್‌ಟಿ ನೋಂದಣಿ ಇದ್ದವರು ಹಳೆಯ ಬಿಲ್ಲನ್ನು ಗೀಚಿ ತಿದ್ದುವಂತಿಲ್ಲ. ವಾಪಸ್ ಬಂದದ್ದಕ್ಕೆ ಕ್ರೆಡಿಟ್ ನೋಟ್, ಹೊಸದಕ್ಕೆ ಹೊಸ ಬಿಲ್. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಶೇ. 5, ಅದಕ್ಕೂ ಮೇಲಿನದಕ್ಕೆ ಶೇ. 18 ತೆರಿಗೆ. ತೆರಿಗೆ ಬಿಟ್ಟು 2,400 ರೂಪಾಯಿಯ ಕುರ್ತಾಕ್ಕೆ ಗ್ರಾಹಕರು ಕೊಡುವುದು 2,520. ಅದರ ಬದಲು 2,600ರದ್ದು ಆರಿಸಿದರೆ ತೆರಿಗೆ ಸೇರಿ 3,068. ‘ಇನ್ನೂರು ರೂಪಾಯಿ ವ್ಯತ್ಯಾಸ ತಾನೇ?’ ಎನ್ನುವವರ ಮುಂದೆ 548 ರೂಪಾಯಿ ಕೇಳಬೇಕಾಗುತ್ತದೆ. ಟ್ಯಾಗ್ ಮೇಲೆ ತೆರಿಗೆ ಸೇರಿಸಿದ ಬೆಲೆಯನ್ನೇ ಹಾಕುವುದು ಇದಕ್ಕೆ ಪರಿಹಾರ. ಹೊಲಿಯದ ಸೀರೆ ಬಟ್ಟೆಯ ಲೆಕ್ಕಕ್ಕೆ ಬರುವುದರಿಂದ ಅದಕ್ಕೆ ಈ ತೊಂದರೆ ಇಲ್ಲ.

ಕ್ರೆಡಿಟ್ ಚೀಟಿಗೆ ಕನಿಷ್ಠ ಆರು ತಿಂಗಳ ಅವಧಿ ಕೊಡಿ. ಒಂದು ತಿಂಗಳು ಕೊಟ್ಟು, ಆಮೇಲೆ ‘ಅವಧಿ ಮುಗಿಯಿತು’ ಎಂದು ಹಣ ನುಂಗಿದರೆ ಊರಿಡೀ ಸುದ್ದಿಯಾಗುತ್ತದೆ.

## 6. ಬಿಲ್ಲಿಗೆ ಹಾಕುವ ಮಾತು

ಇಷ್ಟೆಲ್ಲ ಯೋಚಿಸಿದ ಮೇಲೆ ಬರೆಯಬೇಕಾದದ್ದು ಚಿಕ್ಕದು. ಹೀಗಿರಬಹುದು:

> ಬಿಲ್ ತಂದರೆ 10 ದಿನದೊಳಗೆ ಬಟ್ಟೆ ಬದಲಾಯಿಸಿಕೊಳ್ಳಬಹುದು ಅಥವಾ ಆರು ತಿಂಗಳ ಕ್ರೆಡಿಟ್ ಚೀಟಿ ಪಡೆಯಬಹುದು. ಕೊನೆಯ ದಿನ: ____
> ಟ್ಯಾಗ್ ಇರಬೇಕು. ಉಟ್ಟ, ಒಗೆದ, ಪಿನ್ ಹಾಕಿದ, ಫಾಲ್ ಹೊಲಿದ ಬಟ್ಟೆ ಬದಲಾಯಿಸಲಾಗದು.
> ದೋಷವಿದ್ದರೆ 30 ದಿನದೊಳಗೆ ತಿಳಿಸಿ: ಸರಿಪಡಿಸುವುದು, ಬದಲಾಯಿಸುವುದು, ಹಣ ವಾಪಸ್, ಆಯ್ಕೆ ನಿಮ್ಮದು. ಫಾಲ್ ಹೊಲಿದಿದ್ದರೂ ಇದು ಅನ್ವಯ.
> ಹಣ ಮೂರು ಕೆಲಸದ ದಿನದೊಳಗೆ, ಕೊಟ್ಟ ದಾರಿಯಲ್ಲೇ.
> ಒಳಉಡುಪು, ಕಿವಿಯೋಲೆ: ದೋಷವಿದ್ದರೆ ಮಾತ್ರ.
> ಹೊಲಿಗೆ: ಅಳತೆ ಚೀಟಿಯ ಹಿಂಬದಿ ನೋಡಿ.

ಕಾರ್ಡಿನಲ್ಲಿ ಕೊಟ್ಟವರಿಗೆ ಮೂರು ದಿನದೊಳಗೆ ನೀವು ಕಳಿಸುತ್ತೀರಿ, ಬ್ಯಾಂಕಿನಿಂದ ಅವರ ಖಾತೆಗೆ ಸೇರಲು ಮತ್ತೂ ಕೆಲವು ದಿನ ಬೇಕು. ಇದನ್ನು ಬಾಯಲ್ಲಿ ಹೇಳಿ. ಮೇಲಿನ ನಿಯಮ ಬಿಲ್ಲಿನ ಹಿಂಬದಿಯಲ್ಲಷ್ಟೇ ಇದ್ದರೆ ಹಣ ಕೊಟ್ಟ ಮೇಲೆ ತೋರಿಸಿದಂತಾಯಿತು. ಗಲ್ಲಾದ ಎದುರು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬೋರ್ಡ್ ಇರಲಿ; ವಾಟ್ಸಾಪ್ ಮಾರಾಟದಲ್ಲಿ ಕ್ಯೂಆರ್ ಕೋಡ್ ಕಳಿಸುವ ಮುನ್ನ ಇದನ್ನು ಕಳಿಸಿ.

## 7. ಒಂದು ಸೀರೆಯ ಮೇಲೆ ನಿಯಮ ಹಚ್ಚಿ ನೋಡಿ

ಅಚ್ಚು ಹಾಕಿಸುವ ಮುನ್ನ ನಿಯಮವನ್ನು ಒಂದು ಕಷ್ಟದ ಪ್ರಸಂಗಕ್ಕೆ ಹಚ್ಚಿ ನೋಡಬೇಕು. ವಿರಾಜಪೇಟೆಯ ಒಂದು ಬೊಟಿಕ್ ಎಂದುಕೊಳ್ಳಿ. ಸೀರೆ 8,400, ಫಾಲ್ ಮತ್ತು ಜಿಗ್‌ಜಾಗ್ 150, ಸೀರೆಯಲ್ಲೇ ಬಂದ ಬ್ಲೌಸ್ ಪೀಸನ್ನು ಹೊಲಿದದ್ದಕ್ಕೆ 900. ಹದಿನೆಂಟನೆಯ ದಿನ ಗ್ರಾಹಕರು ಸೀರೆ ತರುತ್ತಾರೆ.

ಒಳಸುತ್ತಿನ ಅಂಚಿನಲ್ಲಿ ನಾಲ್ಕು ಇಂಚು ಜರಿ ಎಳೆ ಇಲ್ಲ ಎನ್ನುತ್ತಾರೆ. ನೋಡಿದರೆ ಎಳೆ ಕಿತ್ತುಬಂದ ಗುರುತಿಲ್ಲ, ಅಕ್ಕಪಕ್ಕದ ನೂಲು ಸಡಿಲವಾಗಿಲ್ಲ, ನೇಯುವಾಗಲೇ ತಪ್ಪಿದೆ. ಹತ್ತು ದಿನ ದಾಟಿದ್ದರೂ, ಫಾಲ್ ಹೊಲಿದಿದ್ದರೂ ಇದು ದೋಷದ ಸಾಲಿಗೆ ಸೇರುತ್ತದೆ. ಅವರು ಹಣವನ್ನೇ ಆರಿಸಿದರೆ ಕೊಡಬೇಕಾದದ್ದು 8,400 ಮಾತ್ರವಲ್ಲ. ಆ ಸೀರೆ ಇಲ್ಲದೆ ಫಾಲ್‌ಗೂ ಬ್ಲೌಸಿಗೂ ಅರ್ಥವಿಲ್ಲ. ಬ್ಲೌಸ್ ವಾಪಸ್ ಪಡೆದು ಒಟ್ಟು 9,450 ಕೊಡಿ. ಅದೇ ದಿನ ದೋಷದ ಫೋಟೋವನ್ನು ಬಿಲ್ ಸಂಖ್ಯೆಯೊಡನೆ ಸಗಟು ವ್ಯಾಪಾರಿಗೆ ಕಳಿಸಿ. ಅವರು ಎಷ್ಟು ದಿನದೊಳಗೆ ದೋಷದ ಮಾಲು ವಾಪಸ್ ಪಡೆಯುತ್ತಾರೆಂದು ಮೊದಲೇ ಕೇಳಿ ತಿಳಿದಿರಬೇಕು. ಅವರದು 15 ದಿನ, ನಿಮ್ಮದು 30 ದಿನವಾದರೆ ನಡುವಿನ ನಷ್ಟ ನಿಮ್ಮ ತಲೆಗೆ ಬರುತ್ತದೆ. ದುಬಾರಿ ಸೀರೆಯನ್ನು ಮಾರುವಾಗಲೇ ಪೂರ್ತಿ ಐದೂವರೆ ಮೀಟರ್ ಬಿಚ್ಚಿ ಇಬ್ಬರೂ ನೋಡಿ, ಬಿಲ್ಲಿನಲ್ಲಿ ‘ಬಿಚ್ಚಿ ತೋರಿಸಿದೆ’ ಎಂದು ಗುರುತು ಹಾಕುವುದು ಇದಕ್ಕಾಗಿಯೇ. ಇದು ಗ್ರಾಹಕರ ಹಕ್ಕನ್ನು ಅಳಿಸುವುದಿಲ್ಲ, ಆದರೆ ಇಂಥ ದೋಷ ಅಂಗಡಿಯಲ್ಲೇ ಸಿಕ್ಕಿಬೀಳುತ್ತದೆ.

ಅದೇ ಸೀರೆ, ಎಂಟನೆಯ ದಿನ, ದೋಷವಿಲ್ಲ. ‘ಅತ್ತೆಗೆ ಬಣ್ಣ ಹಿಡಿಸಲಿಲ್ಲ’ ಎಂದಾದರೆ? ದಿನ ಸರಿ ಇದೆ, ಆದರೆ ಫಾಲ್ ಹೊಲಿದಿದೆ. ಬಿಚ್ಚಿದರೂ ರೇಷ್ಮೆಯಲ್ಲಿ ಸೂಜಿಯ ಗುರುತು ಉಳಿಯುತ್ತದೆ, ಹೊಸದೆಂದು ಮಾರುವುದು ಮುಂದಿನ ಗ್ರಾಹಕರಿಗೆ ಮೋಸ. ನಿಯಮದಂತೆ ಬದಲಾವಣೆ ಇಲ್ಲ. ಹಾಗಾಗಿ ‘ಫಾಲ್ ಹಾಕಿಸಿದರೆ ಬದಲಾಯಿಸಲಾಗದು, ಮನೆಯವರಿಗೆ ತೋರಿಸಿದ ಮೇಲೆ ಕೊಡಿ’ ಎಂಬ ಮಾತನ್ನು ಫಾಲ್‌ಗೆ ತೆಗೆದುಕೊಳ್ಳುವಾಗಲೇ ಹೇಳಬೇಕು.

## 8. ನಿಯಮ ಕೆಟ್ಟಿದೆ ಎಂದು ತಿಳಿಯುವುದು ಹೇಗೆ

ವಾಪಸ್ ಬಂದ ಪ್ರತಿ ಬಟ್ಟೆಯನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ: ತಾರೀಖು, ಬಿಲ್ ಸಂಖ್ಯೆ, ಕಾರಣ, ಏನು ಕೊಟ್ಟಿರಿ. ಒಂದೇ ಸಗಟು ವ್ಯಾಪಾರಿಯ ಮಾಲು ದೋಷದ ಸಾಲಿನಲ್ಲಿ ಮತ್ತೆ ಮತ್ತೆ ಬಂದರೆ ಬದಲಾಯಿಸಬೇಕಾದದ್ದು ಆ ವ್ಯಾಪಾರಿಯನ್ನು, ನಿಯಮವನ್ನಲ್ಲ. ಒಂದೇ ಮಾದರಿಯ ಕುರ್ತಾ ಅಳತೆಗಾಗಿ ವಾಪಸ್ ಬರುತ್ತಿದ್ದರೆ ಟೇಪ್ ಹಿಡಿದು ಎದೆ, ಸೊಂಟದ ಇಂಚುಗಳನ್ನು ಟ್ಯಾಗ್ ಮೇಲೆ ಬರೆಯಿರಿ. ಮದುವೆ ಮುಗಿದ ಸೋಮವಾರವೇ ದುಬಾರಿ ಸೀರೆ ವಾಪಸ್ ಬರುವುದು ಎರಡು ಮೂರು ಸಲ ಆದರೆ ಟ್ಯಾಗ್ ಕಟ್ಟುವ ಜಾಗ ಸರಿಯಿಲ್ಲ. ಗಲ್ಲಾದಲ್ಲಿ ಕೂತ ಹುಡುಗಿ ಪ್ರತಿ ಸಲವೂ ನಿಮಗೆ ಫೋನ್ ಮಾಡಿ ‘ಅಕ್ಕ, ಇದಕ್ಕೇನು ಮಾಡಲಿ?’ ಎನ್ನುತ್ತಿದ್ದರೆ ಯಾವುದೋ ಸಾಲು ಅಸ್ಪಷ್ಟವಾಗಿದೆ. ಅವಳು ಕೇಳಿದ ಪ್ರಶ್ನೆಯನ್ನೇ ಬರೆದಿಟ್ಟುಕೊಂಡು ಆ ಸಾಲನ್ನು ತಿದ್ದಿ.

ತಿದ್ದಿದ ನಿಯಮಕ್ಕೆ ಜಾರಿಯ ತಾರೀಖು ಹಾಕಿ. ಅದಕ್ಕೂ ಮುಂಚಿನ ಬಿಲ್ಲಿಗೆ ಆ ಬಿಲ್ಲಿನ ಮೇಲೆ ಅಚ್ಚಾಗಿರುವುದೇ ನಿಯಮ. ಹಳೆಯ ಬಿಲ್ ಪುಸ್ತಕ ಇನ್ನೂ ಮುಗಿದಿಲ್ಲವೆಂದು ಅದನ್ನೇ ಬಳಸುತ್ತಾ ಬೋರ್ಡನ್ನು ಮಾತ್ರ ಬದಲಾಯಿಸಬೇಡಿ. ಎರಡರಲ್ಲಿ ಬೇರೆ ಬೇರೆ ಇದ್ದರೆ ಗ್ರಾಹಕರಿಗೆ ಯಾವುದು ಅನುಕೂಲವೋ ಅದನ್ನೇ ನೀವು ಪಾಲಿಸಬೇಕಾಗಿ ಬರುತ್ತದೆ.